ಒಬ್ಬಳೇ ಹೋಟೆಲಿಗೆ ಹೋಗಿ ಕೂತು ತಿನ್ನುವುದು ಹೇಗೆ?

ಪ್ರಶ್ನೆ: ಬ್ರೇಕಪ್ ಆದ ಮೇಲೆ ದಾವಣಗೆರೆ ಬಿಟ್ಟು ಬೆಂಗಳೂರಿಗೆ ಬಂದೆ. ಆಫೀಸ್ ಇದ್ದ ದಿನ ಹೇಗೋ ಕಳೆಯುತ್ತದೆ. ಭಾನುವಾರ ರಾತ್ರಿ ನಮ್ಮ ಪಿಜಿಯಲ್ಲಿ ಊಟ ಇಲ್ಲ. ಹೊರಗೆ ಒಬ್ಬಳೇ ಕೂತು ತಿನ್ನಲು ಮುಜುಗರ, ಎಲ್ಲರೂ ನನ್ನನ್ನೇ ನೋಡುತ್ತಾರೆ ಅನಿಸುತ್ತದೆ. ಪಾರ್ಸಲ್ ತಂದು ರೂಮಲ್ಲೇ ತಿನ್ನುತ್ತೇನೆ. ಒಬ್ಬಳೇ ವಾಕಿಂಗ್ ಹೋಗಲೂ ಆಗುತ್ತಿಲ್ಲ, ಊರಿಗೆ ಹೋದರೆ ನಾವಿಬ್ಬರೂ ಹೋಗುತ್ತಿದ್ದ ಬೆಣ್ಣೆ ದೋಸೆ ಹೋಟೆಲಿನ ಕಡೆಗೂ ಕಾಲು ಹೋಗುವುದಿಲ್ಲ. ಇದು ಸರಿಹೋಗುತ್ತಾ?

ಉತ್ತರ: ಸರಿಹೋಗುತ್ತದೆ. ಮೊದಲು ಆ ಮುಜುಗರ ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ಗಮನಿಸಿ. ತಿನ್ನುವಾಗ ಅದು ಅಷ್ಟಾಗಿ ಕಾಡುವುದಿಲ್ಲ. ಆರ್ಡರ್ ಕೊಟ್ಟು ತಿಂಡಿ ಬರುವ ತನಕದ ಹತ್ತು ನಿಮಿಷವೇ ಕಷ್ಟ. ಕೈಗೆ ಕೆಲಸವಿಲ್ಲ, ಎದುರಿಗಿನ ಕುರ್ಚಿ ಖಾಲಿ.

ಎಲ್ಲರೂ ನೋಡುತ್ತಾರೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನ ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ನನ್ನ ಶರ್ಟ್ ಗಮನಿಸಿರುತ್ತಾರೆ ಅಂತ ಹೋದವರು ಅಂದುಕೊಂಡರು. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟೂ ಇರಲಿಲ್ಲ.

ಆದರೆ ಹೆಣ್ಣುಮಕ್ಕಳಿಗೆ ಇದೇ ಪೂರ್ತಿ ಉತ್ತರವಲ್ಲ. ದಿಟ್ಟಿಸಿ ನೋಡುವವರು ಇದ್ದೇ ಇರುತ್ತಾರೆ, ಅದು ನಿಮ್ಮ ಭ್ರಮೆಯಲ್ಲ. ಅದಕ್ಕೇ ಮೊದಲ ಸಲ ರಾತ್ರಿ ಊಟಕ್ಕೆ ಹೋಗಬೇಡಿ, ಬೆಳಗಿನ ತಿಂಡಿಗೆ ಹೋಗಿ. ಬೆಳಿಗ್ಗೆ ಹೋಟೆಲುಗಳಲ್ಲಿ ಒಬ್ಬೊಬ್ಬರೇ ಬಂದವರು ಜಾಸ್ತಿ. ವಾಕಿಂಗ್ ಮುಗಿಸಿದವರು, ಡ್ಯೂಟಿಗೆ ಹೊರಟವರು ಎಲ್ಲರೂ ಇರುತ್ತಾರೆ.

ಶುರು ಮಾಡಲು ದರ್ಶಿನಿಗಿಂತ ಒಳ್ಳೆಯ ಜಾಗ ಇಲ್ಲ. ಬಿಲ್ ಮಾಡಿಸಿ, ಕೌಂಟರಿನಲ್ಲಿ ಚೀಟಿ ಕೊಟ್ಟರೆ ಇಡ್ಲಿ ವಡೆ ಕೂಡಲೇ ಕೈಗೆ ಬರುತ್ತದೆ. ನಿಂತೇ ತಿನ್ನುವುದರಿಂದ ಖಾಲಿ ಕುರ್ಚಿಯ ಮಾತೇ ಇಲ್ಲ. ಎರಡು ಮೂರು ವಾರ ಒಂದೇ ದರ್ಶಿನಿಗೆ, ಒಂದೇ ಹೊತ್ತಿಗೆ ಹೋಗಿ. ಕೌಂಟರಿನವರಿಗೆ ಮುಖ ಪರಿಚಯವಾದರೆ ಆ ಜಾಗ ಅರ್ಧ ನಿಮ್ಮದಾದಂತೆ.

ಆಮೇಲೆ, ಟೇಬಲ್ ಹಂಚಿಕೊಂಡು ಕೂರುವ ಹಳೆಯ ಹೋಟೆಲಿಗೆ ಹೋಗಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಂಥ ಕಡೆ ಗುರುತಿಲ್ಲದವರ ಜೊತೆ ಕೂರುವುದು ಮಾಮೂಲು. ಭಾನುವಾರ ಹೊರಗೆ ಜನ ಕಾಯುತ್ತಿರುವಾಗ ಒಂದೇ ಸೀಟು ಖಾಲಿಯಾದರೆ ಒಬ್ಬರೇ ಬಂದವರನ್ನು ಮೊದಲು ಒಳಗೆ ಕರೆಯುವುದೂ ಉಂಟು. ಆರ್ಡರ್ ಕೊಟ್ಟು ಕಾಯುವ ಹತ್ತು ನಿಮಿಷಕ್ಕೆ ಒಂದು ಪುಸ್ತಕವೋ ಪೇಪರೋ ಇರಲಿ. ದೋಸೆ ಬಂದ ಕೂಡಲೇ ಅದನ್ನು ಪಕ್ಕಕ್ಕಿಡಿ. ಮೊಬೈಲ್ ಮಾತ್ರ ಬೇಡ ಅನ್ನುತ್ತೇನೆ. ಬ್ರೇಕಪ್ ಆದ ಹೊಸದರಲ್ಲಿ ಬೆರಳು ತಾನಾಗಿ ಅವರ ಸ್ಟೇಟಸ್ ಕಡೆಗೇ ಹೋಗುತ್ತದೆ, ಅಲ್ವಾ? ಆಮೇಲೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ.

ಒಬ್ಬಳೇ ವಾಕಿಂಗ್ ಹೋಗುವ ಕಷ್ಟ ಬೇರೆ ಥರದ್ದು. ಅಲ್ಲಿ ನೋಡುವವರ ಕಾಟ ಅಷ್ಟಿಲ್ಲ, ಆದರೆ ಹಳೇ ಜಗಳ ತಲೆಯಲ್ಲಿ ಮತ್ತೆ ಶುರುವಾಗುತ್ತದೆ. ಸುಮ್ನೆ ಸುತ್ತು ಹಾಕಿದರೆ ಅದು ಇನ್ನೂ ಬೆಳೆಯುತ್ತದೆ. ಕಣ್ಣಿಗೆ ಒಂದು ಕೆಲಸ ಕೊಡಿ. ಲಾಲ್‌ಬಾಗ್‌ನಲ್ಲಿ ಎಷ್ಟೋ ಮರಗಳಿಗೆ ಹೆಸರಿನ ಫಲಕ ಇದೆ. ಒಂದು ದಿನಕ್ಕೆ ಒಂದು ಮರ ಸಾಕು: ಹೆಸರು ಓದಿ, ತೊಗಟೆ ಮುಟ್ಟಿ ನೋಡಿ, ಎಲೆ ಹೇಗಿದೆ ನೋಡಿ. ಮುಂದಿನ ವಾರ ಫಲಕ ಓದದೆ ಅದನ್ನು ಗುರುತು ಹಿಡಿಯಿರಿ. ಜಗಳ ನೆನಪಾದರೆ ಆಗಲಿ, ತಳ್ಳಬೇಡಿ. ಮುಂದಿನ ಮರದ ಹತ್ತಿರ ಹೋಗಿ.

ಮನಸ್ಸು ಹೊರಡುವ ಮುಂಚೆಯೇ "ಒಬ್ಬಳೇ ಹೋದರೆ ಏನು ಖುಷಿ" ಅನ್ನುತ್ತದೆ. ಆ ಲೆಕ್ಕ ನಂಬಬೇಡಿ. ರೆಬೆಕಾ ರಾಟ್ನರ್ ಮತ್ತು ರೆಬೆಕಾ ಹ್ಯಾಮಿಲ್ಟನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರೇ ಇದ್ದವರನ್ನೂ ಜೊತೆಯಲ್ಲಿದ್ದವರನ್ನೂ ಚಿತ್ರ ಗ್ಯಾಲರಿಗೆ ಕಳಿಸಿ ನೋಡಿದರು. ಒಬ್ಬರೇ ಹೋಗುವವರು ಖುಷಿ ಕಮ್ಮಿ ಅಂದುಕೊಂಡಿದ್ದರು. ನೋಡಿ ಬಂದ ಮೇಲೆ ಇಬ್ಬರ ಖುಷಿಯೂ ಹೆಚ್ಚುಕಮ್ಮಿ ಒಂದೇ ಆಗಿತ್ತು.

ಒಂದು ವಿಷಯ ಮಾತ್ರ ಬೇರೆಯಾಗಿ ನೋಡಿ. ಎರಡು ವಾರ ದಾಟಿದರೂ ಊಟ ಸೇರದೆ, ನಿದ್ದೆ ಬರದೆ, ಯಾವುದರಲ್ಲೂ ಆಸೆ ಇಲ್ಲದೆ ಹೋದರೆ ಅದು ಒಂಟಿಯಾಗಿ ತಿನ್ನುವ ಮುಜುಗರವಲ್ಲ. ಬದುಕೇ ಬೇಡ ಅನಿಸಿದರಂತೂ ಎರಡು ವಾರ ಕಾಯಲೇಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು, ಊರಿಗೆ ಹೋದಾಗ ನೀವಿಬ್ಬರೂ ಹೋಗುತ್ತಿದ್ದ ಬೆಣ್ಣೆ ದೋಸೆ ಹೋಟೆಲು. ಅಲ್ಲಿಗೆ ಹೋಗಲೇಬೇಕು, ಗೆಲ್ಲಬೇಕು ಅಂತ ಹಟ ಹಿಡಿಯಬೇಡಿ. ಅವರು ಕಂಡರೂ ಕಾಣಬಹುದು ಅನ್ನುವ ಯೋಚನೆ ಇದ್ದರೆ ಆ ಸಲ ಬಿಡಿ, ಬೇರೆ ಹೋಟೆಲಿಗೆ ಹೋಗಿ. ಬರೀ ದೋಸೆಯ ಆಸೆಗೆ ಕಾಲು ಆ ಕಡೆ ತಿರುಗಿದ ದಿನ ಒಳಗೆ ಹೋಗಿ ಕೂತುಕೊಳ್ಳಿ.