ಕಾಯಂ ಗಿರಾಕಿಗೆ ಕೊಡುವ 60 ರೂಪಾಯಿ ಎಲ್ಲಿಂದ ಬರುತ್ತದೆ?

ಧಾರವಾಡದ ಸಪ್ತಾಪುರದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ ಇದೆ ಅಂತ ಇಟ್ಟುಕೊಳ್ಳೋಣ. ಅದಕ್ಕೆ ಎರಡು ಥರದ ಗಿರಾಕಿಗಳು. ಸುತ್ತಲಿನ ಮನೆಯವರು ತಿಂಗಳ ಸಾಮಾನು ಒಯ್ಯುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ದಿನಾ ಚಿಲ್ಲರೆ ಸಾಮಾನು ಒಯ್ಯುತ್ತಾರೆ. ಈ ಅಂಗಡಿಗೆ ಒಂದು ರಿಯಾಯಿತಿ ಯೋಜನೆ ಹಾಕುವುದು ನಮ್ಮ ಪಾಠ. ಇಲ್ಲಿನ ಲೆಕ್ಕದ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ಅಂಗಡಿಯ ಖಾತೆ ಪುಸ್ತಕದ ಅಂಕಿ ಹಾಕಿ ಮತ್ತೆ ಮಾಡಿ ನೋಡಿ.

ಮೊದಲು ಮಾರ್ಜಿನ್

ಒಂದು ಮನೆ ತಿಂಗಳಿಗೆ 4000 ರೂಪಾಯಿ ಸಾಮಾನು ಒಯ್ಯುತ್ತದೆ. ಅದರಲ್ಲಿ 1800 ರೂಪಾಯಿ ಎಣ್ಣೆ, ಸಕ್ಕರೆ, ಅಕ್ಕಿ, ಹಾಲಿನದು. ಇವುಗಳಲ್ಲಿ ಉಳಿಯುವುದು ಕಡಿಮೆ. ಶೇ. 4 ಅಂದರೆ 72 ರೂಪಾಯಿ. ಉಳಿದ 2200 ರೂಪಾಯಿ ಸೋಪು, ಬಿಸ್ಕಿಟ್, ಮಸಾಲೆ, ಬಿಡಿ ಬೇಳೆ, ಶೇಂಗಾ ಇಂಥವು. ಇವುಗಳಲ್ಲಿ ಶೇ. 14 ಹಿಡಿದರೆ 308 ರೂಪಾಯಿ. ಒಟ್ಟು 380 ರೂಪಾಯಿ ಅಂಗಡಿಗೆ ಉಳಿಯಿತು. ಬಾಡಿಗೆ, ಕರೆಂಟ್ ಬಿಲ್ಲು, ಹುಡುಗನ ಪಗಾರ ಎಲ್ಲವೂ ಇದರಲ್ಲೇ ಹೋಗಬೇಕು.

ಈಗ ಅಂಗಡಿಯವರು "ಕಾಯಂ ಗಿರಾಕಿಗೆ ಒಟ್ಟು ಬಿಲ್ಲಿನ ಮೇಲೆ ಶೇ. 5 ಬಿಡುತ್ತೇವೆ" ಅಂತ ಬೋರ್ಡು ಹಾಕಿದರು ಅನ್ನಿ. 4000ಕ್ಕೆ 200 ರೂಪಾಯಿ ಹೋಯಿತು. ಗಿರಾಕಿಗೆ ಇದು ಶೇ. 5, ಅಂಗಡಿಗೆ ಉಳಿಕೆಯ ಅರ್ಧಕ್ಕಿಂತ ಜಾಸ್ತಿ. ಮೊದಲಿನ 380 ಮತ್ತೆ ಸಿಗಬೇಕಾದರೆ ಅದೇ ಮನೆ ಸುಮಾರು 8450 ರೂಪಾಯಿ ಸಾಮಾನು ಒಯ್ಯಬೇಕು. ಮನೆಯಲ್ಲಿ ಉಣ್ಣುವವರು ಅಷ್ಟೇ ಜನ ಅಲ್ವಾ, ಎರಡು ಪಟ್ಟು ಹೇಗೆ ಒಯ್ಯುತ್ತಾರೆ? ಸಣ್ಣ ಅಂಗಡಿಗಳ ಯೋಜನೆ ಎರಡು ಮೂರು ತಿಂಗಳಲ್ಲಿ ಸುಮ್ನೆ ನಿಂತುಹೋಗಲು ಬಹಳ ಸಲ ಇದೇ ಕಾರಣ. ಗಲ್ಲಾ ತುಂಬಿದ ಹಾಗೆ ಕಾಣುತ್ತದೆ, ಮಾಲು ತರಲು ಹೋದಾಗ ಮಾತ್ರ ದುಡ್ಡು ಸಾಲುವುದಿಲ್ಲ.

ಹಾಗಾಗಿ ಮೊದಲನೆಯ ನಿಯಮ ಹೀಗೆ ಇರಲಿ: ಕಡಿಮೆ ಉಳಿಯುವ ಮಾಲನ್ನು ಯೋಜನೆಯಿಂದ ಹೊರಗಿಡಬೇಕು. ಎಣ್ಣೆ, ಸಕ್ಕರೆ, ಅಕ್ಕಿ, ಹಾಲು, ಮೊಬೈಲ್ ರೀಚಾರ್ಜ್ ಲೆಕ್ಕಕ್ಕಿಲ್ಲ. ಇದನ್ನು ಗಿರಾಕಿಗೆ ಕೊಡುವ ಯೋಜನೆಯ ಕಾರ್ಡಿನ ಮೇಲೆ ಮೊದಲೇ ಬರೆಯಬೇಕು. ಬಿಲ್ಲು ಕೊಡುವಾಗ ಹೇಳಿದರೆ ಜಗಳ ಗ್ಯಾರಂಟಿ.

ಗಡಿ ಎಲ್ಲಿ ಇಡಬೇಕು

ಈಗ ಆ 2200 ರೂಪಾಯಿಯ ಮಾಲು ಮಾತ್ರ ಉಳಿಯಿತು. ತಿಂಗಳಿಗೆ ಇಷ್ಟು ದಾಟಿದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಇಷ್ಟು ಬಿಡುತ್ತೇವೆ ಅನ್ನುವುದು ನಾನು ಒಪ್ಪುವ ರೀತಿ. ಆದರೆ "ಇಷ್ಟು" ಅಂದರೆ ಎಷ್ಟು?

ಗಡಿಯನ್ನು 2500ಕ್ಕೆ ಇಟ್ಟು 100 ರೂಪಾಯಿ ಬಿಟ್ಟರು ಅನ್ನಿ. ಮನೆಯವರು 300 ರೂಪಾಯಿ ಮಾಲು ಹೆಚ್ಚು ಒಯ್ದರು. ಅದರಿಂದ ಉಳಿದದ್ದು 42 ರೂಪಾಯಿ, ಬಿಟ್ಟದ್ದು 100. ಮಾರಾಟ ಏರಿತು, 58 ರೂಪಾಯಿ ಕೈಬಿಟ್ಟಿತು. ಗಡಿಯನ್ನು 3000ಕ್ಕೆ ಇಟ್ಟು 60 ರೂಪಾಯಿ ಬಿಟ್ಟರೆ? 800 ರೂಪಾಯಿ ಮಾಲು ಹೆಚ್ಚು ಹೋಯಿತು, 112 ಉಳಿಯಿತು, 60 ಬಿಟ್ಟರು, 52 ಅಂಗಡಿಗೆ ಬಂತು. ಹೆಚ್ಚುವರಿ ಮಾಲಿನಿಂದ ಬರುವ ಉಳಿಕೆಯ ಸುಮಾರು ಅರ್ಧದಷ್ಟನ್ನು ಗಿರಾಕಿಗೆ ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಕೈಗೆ ಏನೂ ನಿಲ್ಲುವುದಿಲ್ಲ.

ಆ 800 ರೂಪಾಯಿ ಎಲ್ಲಿಂದ ಬರಬೇಕು? ಆ ಮನೆ ಈಗ ಬೇರೆ ಕಡೆ ಕೊಳ್ಳುವ ಸಾಮಾನಿನಿಂದ. ಬಟ್ಟೆ ಸೋಪಿನ ಪುಡಿ, ಶಾಂಪೂ, ಚಹಾಪುಡಿ ತರಲು ತಿಂಗಳಿಗೊಮ್ಮೆ ದೊಡ್ಡ ಅಂಗಡಿಗೆ ಹೋಗುವವರು ಬಹಳ. ನಿಮ್ಮ ಖಾತೆಯಲ್ಲಿ ಯಾವ ಮನೆ ಬೇಳೆ, ಮಸಾಲೆ ಒಯ್ಯುತ್ತದೆ, ಸೋಪಿನ ಪುಡಿ ಒಯ್ಯುವುದಿಲ್ಲ ಅಂತ ನೋಡಿದರೆ ಆ ಜಾಗ ಕಾಣುತ್ತದೆ. ಯಾವ ಮನೆಯಲ್ಲೂ ಅಂಥ ಜಾಗ ಇಲ್ಲದಿದ್ದರೆ ಗಡಿ ಏರಿಸಿ ಏನೂ ಉಪಯೋಗ ಇಲ್ಲ.

ಮೊದಲೇ ಗಡಿ ದಾಟಿದವರು

ಬಹಳ ಜನ ಬಿಟ್ಟುಬಿಡುವ ಲೆಕ್ಕ ಇದು. ಅಂಗಡಿಗೆ 60 ಕಾಯಂ ಮನೆಗಳು ಅನ್ನೋಣ. ಅದರಲ್ಲಿ 15 ಮನೆಗಳು ಯೋಜನೆ ಇಲ್ಲದೆಯೇ 3000 ದಾಟುತ್ತಿವೆ. ಅವರಿಗೂ 60 ರೂಪಾಯಿ ಕೊಡಲೇಬೇಕು. ತಿಂಗಳಿಗೆ 900 ರೂಪಾಯಿ ಹೋಯಿತು, ಹೊಸ ಮಾರಾಟ ಏನೂ ಇಲ್ಲ. ಹೊಸದಾಗಿ ಗಡಿ ದಾಟುವ ಒಂದೊಂದು ಮನೆಯಿಂದ 52 ಬರುತ್ತದೆ. 17 ಮನೆ ಹೊಸದಾಗಿ ದಾಟಿದರೆ 884, ಇನ್ನೂ 16 ರೂಪಾಯಿ ಕಡಿಮೆ. 18ನೇ ಮನೆ ದಾಟಿದಾಗ ಯೋಜನೆ ತನ್ನ ಖರ್ಚು ತಾನು ದುಡಿದಂತೆ.

ಉಳಿದ 45 ಮನೆಗಳಲ್ಲಿ 18 ಏರುತ್ತವಾ? ಯೋಜನೆ ಶುರು ಮಾಡುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಇಲ್ಲ ಅನ್ನಿಸಿದರೆ ಗಡಿಯನ್ನು 3300ಕ್ಕೆ ಒಯ್ಯಿರಿ. ಮೊದಲೇ ದಾಟಿದವರ ಸಂಖ್ಯೆ ಇಳಿಯುತ್ತದೆ, ಹೊಸದಾಗಿ ದಾಟುವವರದೂ ಸ್ವಲ್ಪ ಇಳಿಯುತ್ತದೆ. ಎರಡನ್ನೂ ಖಾತೆಯಿಂದಲೇ ಎಣಿಸಬಹುದು. ಆ 15 ಮನೆಗೆ ಕೊಡುವ 900 ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಪಕ್ಕದ ಓಣಿಯಲ್ಲಿ ಹೊಸ ಅಂಗಡಿ ತೆರೆದಾಗ ಅವರು ಬಿಟ್ಟು ಹೋಗದಿರಲು ಅದೂ ಒಂದು ಕಾರಣ ಆಗಬಹುದು. ಆದರೆ ಅದನ್ನು ಗಿರಾಕಿ ಉಳಿಸಿಕೊಳ್ಳುವ ಖರ್ಚು ಅಂತ ಬೇರೆ ಬರೆದಿಡಿ. ಮಾರಾಟ ಏರಿಸುವ ಖರ್ಚಿನ ಜೊತೆ ಕಲಸಬೇಡಿ.

ಉದ್ರಿ ಖಾತೆಯವರು

ನಮ್ಮ ಕಡೆ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುವ ಹಳೆಯ ಯೋಜನೆ ಅಂದರೆ ಉದ್ರಿ. ಅದಕ್ಕೂ ಬೆಲೆ ಇದೆ. 4000 ರೂಪಾಯಿ ಒಂದು ತಿಂಗಳು ತಡವಾಗಿ ಬಂತು, ಅಂಗಡಿಯವರು ಮಾಲಿಗೆ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಯಲ್ಲಿ ದುಡ್ಡು ತಂದಿದ್ದಾರೆ ಅಂದರೆ ಬಡ್ಡಿ 60 ರೂಪಾಯಿ. ನಾವು ಕೊಡಲು ಹೊರಟ ರಿಯಾಯಿತಿಯಷ್ಟೇ! ಉದ್ರಿಯನ್ನೂ ಕೊಟ್ಟು ರಿಯಾಯಿತಿಯನ್ನೂ ಕೊಟ್ಟರೆ ಅಂಗಡಿ ಎರಡು ಸಲ ಕೊಟ್ಟಂತೆ.

ಅದಕ್ಕಾಗಿ ಮಾಲು ಒಯ್ದ ದಿನ ಲೆಕ್ಕಕ್ಕೆ ಹಿಡಿಯಬೇಡಿ, ದುಡ್ಡು ಕಟ್ಟಿದ ದಿನ ಹಿಡಿಯಿರಿ. ಹಿಂದಿನ ತಿಂಗಳ ಬಾಕಿ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳು ಎಣಿಕೆಗೆ ಬರುತ್ತದೆ. ಪಗಾರ ಆದ ಮೇಲೆ ಕಟ್ಟುವವರಿಗೆ ಇದು ಕಷ್ಟ ಅಲ್ಲ. ತಡವಾಗಿ ಕಟ್ಟುವವರ ಉದ್ರಿ ನಿಲ್ಲಿಸುವ ಮಾತು ಇಲ್ಲಿ ಇಲ್ಲ, ರಿಯಾಯಿತಿ ಮಾತ್ರ ಬರುವುದಿಲ್ಲ. ಇದನ್ನು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಬಾರದು. ಕಾರ್ಡಿನ ಮೇಲೆ ಬರೆದಿದ್ದರೆ ಸಾಕು.

ಕರೆದುಕೊಂಡು ಬಂದವರಿಗೆ ಇನಾಮು

ರೆಫರಲ್ ಯೋಜನೆಗೆ ಸಪ್ತಾಪುರದ ರೂಮುಗಳಷ್ಟು ಒಳ್ಳೆ ಜಾಗ ಕಡಿಮೆ. ಹುಡುಗರು ಬ್ಯಾಚ್ ಬ್ಯಾಚ್ ಆಗಿ ಬರುತ್ತಾರೆ. ಹೊಸಬನಿಗೆ ಯಾವ ಅಂಗಡಿ ಅಂತ ಗೊತ್ತಿರುವುದಿಲ್ಲ, ರೂಮಿನವನು ಹೇಳಿದ ಕಡೆ ಹೋಗುತ್ತಾನೆ. "ಕಾಕಾರ, ನಮ್ಮ ರೂಮಿಗೆ ಹೊಸದಾಗಿ ಬಂದಾನ್ರಿ, ಇವನ ಹೆಸರೂ ಬರಕೋರಿ" ಅಂತ ಒಬ್ಬ ಬಂದ ಅನ್ನಿ. ಅಲ್ಲೇ ಕೈಗೆ ಇನಾಮು ಕೊಡಬೇಕಾ? ಬೇಡ.

ಹೊಸ ಹುಡುಗ ತಿಂಗಳಿಗೆ 900 ರೂಪಾಯಿಯ ಬಿಸ್ಕಿಟ್, ಅವಲಕ್ಕಿ, ಸೋಪು, ಚಟ್ನಿಪುಡಿ ಒಯ್ಯುತ್ತಾನೆ ಅಂತ ಹಿಡಿಯಿರಿ. ಅವನ ಖರೀದಿ 600 ಮುಟ್ಟಿದಾಗ ಅಂಗಡಿಗೆ 84 ರೂಪಾಯಿ ಉಳಿದಿರುತ್ತದೆ. ಆಗ ಕರೆತಂದವನಿಗೆ 40, ಹೊಸಬನಿಗೆ 30 ಬಿಟ್ಟರೆ ಒಟ್ಟು 70. ಇನಾಮಿನ ದುಡ್ಡನ್ನು ಹೊಸ ಗಿರಾಕಿಯೇ ಮೊದಲು ತಂದುಕೊಟ್ಟಿರುತ್ತಾನೆ. ಅವನು 200 ರೂಪಾಯಿಗೆ ನಿಂತುಬಿಟ್ಟರೆ ಅಂಗಡಿಗೆ ನಷ್ಟ ಇಲ್ಲ. 600 ದಾಟಲು 60 ದಿನದ ಗಡುವು ಇಟ್ಟರೆ ಪುಸ್ತಕದಲ್ಲಿ ಹಳೆಯ ಹೆಸರುಗಳು ಉಳಿಯುವುದಿಲ್ಲ.

ಮೋಸ ಅಥವಾ ಗೊಂದಲ ಸಾಮಾನ್ಯವಾಗಿ "ಹೊಸಬ ಯಾರು" ಅನ್ನುವಲ್ಲಿ ಆಗುತ್ತದೆ. ಗಂಡನ ನಂಬರು ಹಳೆಯದು, ಹೆಂಡತಿಯ ನಂಬರು ಹೊಸದು, ಇನಾಮು ಮಾತ್ರ ಒಂದೇ ಮನೆಗೆ. ಅದಕ್ಕೆ ಕಾರ್ಡು ಫೋನ್ ನಂಬರಿಗೆ ಬೇಡ, ಒಲೆಗೆ ಒಂದು ಇರಲಿ. ಮೂವರು ಕೂಡಿ ಅಡಿಗೆ ಮಾಡುವ ರೂಮಿಗೂ ಒಂದೇ ಕಾರ್ಡು. ಹಿಂದಿನ 3 ತಿಂಗಳಲ್ಲಿ ಖಾತೆಯಲ್ಲಿ ಇಲ್ಲದವನೇ ಹೊಸಬ. ಇಬ್ಬರು "ನಾನೇ ಕರಕೊಂಡು ಬಂದೆ" ಅಂದರೆ ಮೊದಲ ಬಿಲ್ಲಿನ ದಿನ ಹೊಸಬ ಹೇಳಿದ ಹೆಸರೇ ಕೊನೆ.

ಇನಾಮು ಒಂದೇ ಮೆಟ್ಟಿಲಿಗೆ ನಿಲ್ಲಲಿ. ಹೊಸಬ ಮುಂದೆ ಮತ್ತೊಬ್ಬನನ್ನು ಕರೆತಂದರೆ ಮೊದಲಿನವನಿಗೂ ಪಾಲು ಅನ್ನುವ ಸರಪಳಿ ಬೇಡವೇ ಬೇಡ. ಅದಕ್ಕೆ ಸೇರಲು ದುಡ್ಡು ಕಟ್ಟಿಸಿಕೊಂಡರಂತೂ 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ ಕಡೆಗೆ ಕಾಲಿಟ್ಟಂತೆ.

ಬಿಲ್ಲಿನಲ್ಲಿ ಹೇಗೆ ತೋರಿಸಬೇಕು

ಜಿಎಸ್‌ಟಿ ನೋಂದಣಿ ಇರುವ ಅಂಗಡಿಯಾದರೆ ಇದನ್ನು ನೆನಪಿಡಿ. ಮಾರುವಾಗಲೇ ಬಿಲ್ಲಿನಲ್ಲಿ ಬರೆದು ಕಳೆದ ರಿಯಾಯಿತಿಯ ಮೇಲೆ ತೆರಿಗೆ ಬೀಳುವುದಿಲ್ಲ. ಅದೇ 60 ರೂಪಾಯಿಯ ಮಸಾಲೆ ಪಾಕೀಟನ್ನು ಉಡುಗೊರೆ ಅಂತ ಸುಮ್ನೆ ಕೈಗೆ ಕೊಟ್ಟರೆ, ಆ ಪಾಕೀಟು ತರುವಾಗ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಹಾಗಾಗಿ ಪಾಕೀಟನ್ನೇ ಕೊಡಬೇಕು ಅನ್ನಿಸಿದರೂ ಅದನ್ನು ಬಿಲ್ಲಿಗೆ ಸೇರಿಸಿ, ಕೆಳಗೆ 60 ರೂಪಾಯಿ ರಿಯಾಯಿತಿ ಅಂತ ಕಳೆಯಿರಿ. ಗಿರಾಕಿಗೂ ತನಗೆ ಎಷ್ಟು ಸಿಕ್ಕಿತು ಅಂತ ಕಣ್ಣಿಗೆ ಕಾಣುತ್ತದೆ.

ಯೋಜನೆ ಕೆಲಸ ಮಾಡಿತಾ?

ಶ್ರಾವಣದಲ್ಲಿ ಶುರು ಮಾಡಿದ ಯೋಜನೆ ಯಾವಾಗಲೂ ಗೆದ್ದಂತೆಯೇ ಕಾಣುತ್ತದೆ. ನಾಗರ ಪಂಚಮಿಗೆ ಉಂಡಿ ಕಟ್ಟಲು ಶೇಂಗಾ, ಎಳ್ಳು, ಬೆಲ್ಲ, ರವೆ ಎಲ್ಲ ಮನೆಗೂ ಬೇಕು. ಯೋಜನೆ ಇದ್ದರೂ ಇಲ್ಲದಿದ್ದರೂ ಆ ಮಾಲು ಹೋಗುತ್ತದೆ. ದೀಪಾವಳಿಗೆ ಹುಡುಗರು ಊರಿಗೆ ಹೋದಾಗ ರೂಮುಗಳ ಖಾತೆ ತಾನಾಗಿ ಇಳಿಯುತ್ತದೆ, ಆಗ ಯೋಜನೆ ಸೋತಂತೆ ಕಾಣುತ್ತದೆ. ಆದ್ದರಿಂದ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಹಿಂದಿನ ವರ್ಷದ ಅದೇ ಹಬ್ಬದ ತಿಂಗಳ ಜೊತೆ ಹೋಲಿಸಿ. ಆ ಲೆಕ್ಕ ಇಲ್ಲದಿದ್ದರೆ ಮೊದಲ ಮೂರು ತಿಂಗಳು 60ರಲ್ಲಿ 30 ಮನೆಗೆ ಮಾತ್ರ ಕಾರ್ಡು ಕೊಡಿ. ಕಾರ್ಡು ಇದ್ದವರು, ಇಲ್ಲದವರು ಇಬ್ಬರಿಗೂ ಹಬ್ಬ ಒಂದೇ. ಇಬ್ಬರ ಏರಿಕೆಯ ನಡುವಿನ ಅಂತರವೇ ಯೋಜನೆಯ ಕೆಲಸ. ಆ 30 ಮನೆಗಳನ್ನು ಚೀಟಿ ಎತ್ತಿ ಆರಿಸಿ. ಹೆಚ್ಚು ಒಯ್ಯುವವರನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ.

ರೆಫರಲ್‌ಗೂ ಇದೇ ಮಾತು. ಶುರು ಮಾಡುವ ಮೊದಲು ಒಂದು ತಿಂಗಳು ಬಂದ ಹೊಸಬರನ್ನೆಲ್ಲ "ನಮ್ಮ ಅಂಗಡಿ ಯಾರು ತೋರಿಸಿದ್ರಪಾ?" ಅಂತ ಕೇಳಿ ಬರೆದಿಡಿ. ಇನಾಮು ಇಲ್ಲದೆಯೇ ಹತ್ತು ಜನ ಗೆಳೆಯರ ಮಾತಿನಿಂದ ಬರುತ್ತಿದ್ದರೆ, ಯೋಜನೆ ಬಂದ ಮೇಲೆ ಹನ್ನೆರಡು ಜನ ಬಂದರೆ, ನಿಜವಾಗಿ ಸಿಕ್ಕಿದ್ದು ಇಬ್ಬರು. ಆದರೆ ಇನಾಮು ಹೋದದ್ದು ಹನ್ನೆರಡು ಜನರ ಲೆಕ್ಕದಲ್ಲಿ, 840 ರೂಪಾಯಿ. ಒಬ್ಬೊಬ್ಬರಿಗೆ 420 ಬಿತ್ತು. ತಿಂಗಳಿಗೆ 126 ಉಳಿಸುವ ಹುಡುಗ ನಾಲ್ಕು ತಿಂಗಳು ಇದ್ದರೆ ಮಾತ್ರ ಅದು ಹುಟ್ಟುತ್ತದೆ. ಹೊಸ ಬ್ಯಾಚಿನ ಹುಡುಗರು ಸಾಮಾನ್ಯವಾಗಿ ಎಷ್ಟು ದಿನ ಇರುತ್ತಾರೆ ಅಂತ ರೂಮಿನ ಮಾಲೀಕರನ್ನು ಕೇಳಿಕೊಂಡು, 40 ಮತ್ತು 30ರ ಅಂಕಿಯನ್ನು ಅದಕ್ಕೆ ತಕ್ಕಂತೆ ಇಳಿಸಿ.

ಕಾರ್ಡಿನ ಮೇಲೆ ಮುಗಿಯುವ ತಾರೀಕು ಮರೆಯದೆ ಹಾಕಿ, ಮೊದಲ ಸಲ ಮೂರು ತಿಂಗಳಿಗೆ ಸಾಕು. ನಿಲ್ಲಿಸುವುದಾದರೆ ಒಂದು ತಿಂಗಳು ಮುಂಚೆ ಹೇಳಿ, ಯಾರ ಹೆಸರಲ್ಲಿ ಎಷ್ಟು ಬಾಕಿ ಇದೆಯೋ ಅಷ್ಟೂ ಬಿಲ್ಲಿನಲ್ಲಿ ಬಿಟ್ಟುಕೊಡಿ. 33 ಮನೆಗೆ 60ರಂತೆ 1980 ರೂಪಾಯಿ ಒಂದೇ ತಿಂಗಳಲ್ಲಿ ಬೀಳಬಹುದು. ಅಷ್ಟು ದುಡ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ.