ಸರ್ವಿಸ್ ಚಾರ್ಜ್: ಬಿಲ್ಲಿನ ಈ ಸಾಲು ಯಾರಿಗೆ ಹೋಗುತ್ತದೆ?

ಸರ್ವಿಸ್ ಚಾರ್ಜ್ ಅಂದರೆ ಬಡಿಸಿದ್ದಕ್ಕೆ, ನೋಡಿಕೊಂಡಿದ್ದಕ್ಕೆ ಅಂತ ಹೋಟೆಲಿನವರು ಬಿಲ್ಲಿಗೆ ತಾವಾಗಿ ಸೇರಿಸುವ ಹಣ. ಸಾಮಾನ್ಯವಾಗಿ ಊಟದ ಮೊತ್ತದ ಶೇ. 5ರಿಂದ 10. ಇದು ತೆರಿಗೆ ಅಲ್ಲ. ಸರ್ಕಾರಕ್ಕೆ ಹೋಗುವುದಿಲ್ಲ, ಮಾಲೀಕರ ಖಾತೆಗೆ ಹೋಗುತ್ತದೆ. ಬಡಿಸಿದ ಸಪ್ಲೈಯರ್ ಕೈಗೆ ಅದರಲ್ಲಿ ಎಷ್ಟು ಸಿಗುತ್ತದೆ ಅನ್ನುವುದು ಮಾಲೀಕರಿಗೆ ಬಿಟ್ಟದ್ದು.

ತುಂಬಾ ಜನ ಇದನ್ನು ತೆರಿಗೆ ಅಂದುಕೊಂಡು ಸುಮ್ನೆ ಕೊಟ್ಟು ಬರುತ್ತಾರೆ. ಅದಕ್ಕೆ ಕಾರಣವೂ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ಎಸಿ ಇರುವ ಹೋಟೆಲ್‌ಗಳ ಬಿಲ್ಲಿನಲ್ಲಿ ಸರ್ವಿಸ್ ಟ್ಯಾಕ್ಸ್ ಅಂತ ಒಂದು ಸಾಲು ಇರುತ್ತಿತ್ತು. ಅದು ನಿಜಕ್ಕೂ ಸರ್ಕಾರದ ತೆರಿಗೆ. ಆ ತೆರಿಗೆ ಈಗ ಇಲ್ಲ. ಈಗಿನ ಬಿಲ್ಲಿನಲ್ಲಿ ಸರ್ಕಾರಕ್ಕೆ ಹೋಗುವುದು ಎರಡು ಸಾಲು ಮಾತ್ರ: ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ.

ಒಂದು ಬಿಲ್ಲು ಬಿಡಿಸಿ ನೋಡೋಣ. ಮಂಗಳೂರಿನ ಕದ್ರಿ ಕಡೆಯ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಅಂತ ಇಟ್ಟುಕೊಳ್ಳಿ. ನಾಲ್ಕು ಜನರ ಊಟ. ಲೆಕ್ಕ ಅರ್ಥವಾಗಲಿ ಅಂತ ರೇಟು ನಾನೇ ಹಾಕಿದ್ದೇನೆ.

ಕೋರಿ ರೊಟ್ಟಿ 2: 440.00
ಚಿಕನ್ ಘೀ ರೋಸ್ಟ್ 1: 360.00
ಅಂಜಲ್ ತವಾ ಫ್ರೈ 1: 420.00
ನೀರ್ ದೋಸೆ 3 ಪ್ಲೇಟ್: 180.00
ಒಟ್ಟು: 1,400.00
ಸರ್ವಿಸ್ ಚಾರ್ಜ್ 10%: 140.00
ಸಬ್ ಟೋಟಲ್: 1,540.00
ಸಿಜಿಎಸ್‌ಟಿ 2.5%: 38.50
ಎಸ್‌ಜಿಎಸ್‌ಟಿ 2.5%: 38.50
ಕೊಡಬೇಕಾದ್ದು: 1,617.00

ಸಾಲುಗಳು ಯಾವುದರ ಕೆಳಗೆ ಯಾವುದು ಬಂದಿದೆ ಅಂತ ಗಮನಿಸಿ. ಸರ್ವಿಸ್ ಚಾರ್ಜ್ ಮೇಲೆ ಇದೆ, ತೆರಿಗೆ ಅದರ ಕೆಳಗಿದೆ. ಅಂದರೆ ತೆರಿಗೆ 1,400ಕ್ಕೆ ಬಿದ್ದಿಲ್ಲ, 1,540ಕ್ಕೆ ಬಿದ್ದಿದೆ. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ ತೆರಿಗೆ 35 ಮತ್ತು 35, ಒಟ್ಟು 1,470 ರೂಪಾಯಿ ಆಗುತ್ತಿತ್ತು. ಹಾಗಾಗಿ ಜಾಸ್ತಿ ಹೋದದ್ದು 140 ಅಲ್ಲ, 147. ಆ 7 ರೂಪಾಯಿ, ನೀವು ಕೊಡಲೇಬೇಕಿಲ್ಲದ ಹಣದ ಮೇಲೆ ಬಿದ್ದ ತೆರಿಗೆ.

ಕೊಡಲೇಬೇಕಿಲ್ಲ ಅನ್ನುವುದಕ್ಕೆ ಆಧಾರ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಯಾವ ಹೋಟೆಲೂ ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ಸೇರಿಸುವಂತಿಲ್ಲ. ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಕೊಡದವರನ್ನು ಒಳಗೆ ಬಿಡುವುದಿಲ್ಲ ಅನ್ನುವಂತೆಯೂ ಇಲ್ಲ. ಮಾಲೀಕರ ಸಂಘಗಳು ಕೋರ್ಟಿಗೆ ಹೋಗಿ ಇದಕ್ಕೆ ತಡೆ ತಂದವು. ಆದರೆ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅದರ ವಿರುದ್ಧ ಸಂಘಗಳು ಮೇಲ್ಮನವಿಗೂ ಹೋಗಿವೆ.

ಮಾಲೀಕರ ವಾದ ಏನು ಅಂದರೆ, ಮೆನು ಕಾರ್ಡಿನಲ್ಲಿ ಬರೆದಿದ್ದೇವೆ, ನೋಡಿಯೇ ಆರ್ಡರ್ ಮಾಡಿದ್ದೀರಿ, ಒಪ್ಪಿದ ಹಾಗಲ್ವಾ ಅಂತ. ಈ ವಾದ ನಿಲ್ಲಲಿಲ್ಲ. ನನಗೂ ಇದು ಸರಿ ಕಾಣುವುದಿಲ್ಲ. ಕೆಲಸದವರಿಗೆ ಒಳ್ಳೆಯ ಸಂಬಳ ಕೊಡಬೇಕು, ಅದಕ್ಕೆ ದುಡ್ಡು ಬೇಕು ಅಂದರೆ ಘೀ ರೋಸ್ಟಿನ ರೇಟನ್ನೇ 360ರಿಂದ 390 ಮಾಡಲಿ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆಗ ಗಿರಾಕಿಗೆ ಕೂರುವ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಎಸಿ ಹಾಲಿಗೆ ಬೇರೆ ಮೆನು, ಸ್ವಲ್ಪ ಜಾಸ್ತಿ ರೇಟು ಇರುತ್ತದಲ್ಲ, ಅದು ಈ ರೀತಿಯದ್ದು. ಅದನ್ನು ಪ್ರಶ್ನೆ ಮಾಡಲು ಬರುವುದಿಲ್ಲ. ತೆರಿಗೆಯ ದರ ಮಾತ್ರ ಎಸಿ, ನಾನ್ ಎಸಿ ಎರಡಕ್ಕೂ ಒಂದೇ.

ಹಾಗಾದರೆ ಕೇಳುವುದು ಹೇಗೆ? ದುಡ್ಡು ಕೊಡುವ ಮೊದಲು ಕೇಳಬೇಕು. ಬಡಿಸಿದವರ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ, ಬಿಲ್ ಅವರು ಮಾಡಿದ್ದಲ್ಲ. ಕ್ಯಾಶ್ ಕೌಂಟರಿಗೆ ಹೋಗಿ, "ಅಣ್ಣ, ಇದರಲ್ಲಿ ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಮಾಡಿ ಕೊಡಿ" ಅಂದರೆ ಸಾಕು. ಹೊಸ ಬಿಲ್ಲೇ ಕೇಳಿ. "ಬಿಡಿ ಸಾರ್, 140 ವಾಪಸ್ ಕೊಡ್ತೇವೆ" ಅಂದರೆ ತೆರಿಗೆ ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಹೊಸ ಬಿಲ್ಲಿನಲ್ಲಿ ಅದೂ ಇಳಿಯಬೇಕು. ಸ್ಟಾಫ್ ವೆಲ್ಫೇರ್, ಸ್ಟಾಫ್ ಕಾಂಟ್ರಿಬ್ಯೂಷನ್ ಅಂತ ಬರೆದಿದ್ದರೂ ಇದೇ ಮಾತು. ಬಡಿಸಿದವರಿಗೆ ಖುಷಿಯಿಂದ ಏನಾದರೂ ಕೊಡಬೇಕು ಅನಿಸಿದರೆ ಅವರ ಕೈಗೇ ಕೊಡಿ. ಅದು ನಿಮ್ಮಿಷ್ಟ, ಅದಕ್ಕೆ ಜಿಎಸ್‌ಟಿಯೂ ಇಲ್ಲ.

ಇನ್ನು ತೆರಿಗೆಯ ಸಾಲು. ಮಾಮೂಲಿ ರೆಸ್ಟೋರೆಂಟಿನ ಊಟಕ್ಕೆ ಒಟ್ಟು ಶೇ. 5. ದುಬಾರಿ ರೂಮುಗಳಿರುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲಿ ಶೇ. 18 ಇರಬಹುದು. ಅದು ಮೋಸ ಅಲ್ಲ. ಅಲ್ಲಿ ರೂಮಿನ ಬಾಡಿಗೆ ದಿನಕ್ಕೆ 7,500 ದಾಟುತ್ತದಾ ಅನ್ನುವುದರ ಮೇಲೆ ಊಟದ ದರ ನಿಂತಿದೆ. ಲಾಡ್ಜೇ ಇಲ್ಲದ, ಬರೀ ಊಟದ ಹೋಟೆಲ್ ಶೇ. 18 ಹಾಕಿದ್ದರೆ ಮಾತ್ರ ಕೇಳಲೇಬೇಕು.

ಸಣ್ಣ ಹೋಟೆಲುಗಳಲ್ಲಿ ಇನ್ನೊಂದು ವಿಷಯ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವ್ಯಾಪಾರ ಇರುವ ಹೋಟೆಲ್ ಕಾಂಪೊಸಿಷನ್ ಸ್ಕೀಮಿಗೆ ಸೇರಬಹುದು. ಅವರೂ ಶೇ. 5 ಕಟ್ಟುತ್ತಾರೆ, ಆದರೆ ತಮ್ಮ ಕೈಯಿಂದ. ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ. ಉಡುಪಿ ರಥಬೀದಿಯ ಸುತ್ತಿನ ಎಷ್ಟೋ ಚಿಕ್ಕ ಹೋಟೆಲುಗಳಲ್ಲಿ ಎರಡು ಇಡ್ಲಿ, ಒಂದು ಕಾಫಿಗೆ ಬೋರ್ಡಿನ ರೇಟಷ್ಟೇ ತಗೊಳ್ಳುತ್ತಾರೆ. ಆದರೆ ಇಂಥ ಸ್ಕೀಮಿನಲ್ಲಿದ್ದೂ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವವರು ಇದ್ದರೆ? ಪತ್ತೆ ಮಾಡುವುದು ಸುಲಭ. ಬಿಲ್ಲಿನ ಮೇಲಿನ 15 ಅಕ್ಷರಗಳ ಜಿಎಸ್‌ಟಿ ನಂಬರ್ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. gst.gov.in ತೆರೆದು Search Taxpayer ಒತ್ತಿ ಆ ನಂಬರ್ ಹಾಕಿ. Taxpayer Type ಎದುರು Regular ಇದ್ದರೆ ಸರಿ. Composition ಅಂತ ಇದ್ದರೆ ನಿಮ್ಮಿಂದ ತಗೊಂಡ ತೆರಿಗೆ ತಪ್ಪು. ನಂಬರೇ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಇದ್ದರೆ ಅದೂ ತಪ್ಪು.

ರೂಮಿನ ಬಿಲ್ಲಿನಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಉಡುಪಿಯ ಕೃಷ್ಣ ಮಠಕ್ಕೆ ಬಂದವರು 3,000 ರೂಪಾಯಿಯ ರೂಮು ಹಿಡಿದರೆ ತೆರಿಗೆ 150. ಹಳೆಯ ದರದಲ್ಲಿ 360 ಹಾಕಿದ್ದರೆ 210 ವಾಪಸ್ ಕೇಳಿ.

ಕೇಳಿದರೂ ಒಪ್ಪದಿದ್ದರೆ ಬಿಲ್ ಬಿಸಾಡಬೇಡಿ, ಒಂದು ಫೋಟೋ ತೆಗೆದಿಡಿ. ಸರ್ವಿಸ್ ಚಾರ್ಜಿನ ದೂರನ್ನು 1915ಕ್ಕೆ ಫೋನ್ ಮಾಡಿ ಹೇಳಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾಧಿಕಾರಿಗೂ ದೂರು ಕೊಡಬಹುದು ಅಂತ ಮಾರ್ಗಸೂಚಿಯಲ್ಲೇ ಇದೆ.