ಭೇದಿ ನಿಂತ ಮೇಲೆ ಬಿಳಿಚಿಕೊಳ್ಳುವ ಮಗು: ಒಂದು ಮೂತ್ರಪಿಂಡ ಕಾಯಿಲೆಯ ಹಿನ್ನೆಲೆ

ಮಳೆಗಾಲ ಶುರುವಾದರೆ ಮೈಸೂರು, ಮಂಡ್ಯ ಕಡೆ ಮಗುವಿನ ಪ್ಲೇಟ್‌ಲೆಟ್ ಇಳಿದಿದೆ ಎಂದೊಡನೆ ಮನೆಯವರ ಬಾಯಲ್ಲಿ ಮೊದಲು ಬರುವ ಹೆಸರು ಡೆಂಗಿ. ಬಹುಪಾಲು ಸಲ ಆ ಅನುಮಾನ ಸರಿಯಾಗಿಯೇ ಇರುತ್ತದೆ. ಆದರೆ ಭೇದಿಯಾದ ವಾರದೊಳಗೆ ಪ್ಲೇಟ್‌ಲೆಟ್ ಇಳಿದು, ಅದರ ಜೊತೆಗೇ ಮಗು ಬಿಳಿಚಿಕೊಂಡು, ಮೂತ್ರವೂ ಕಡಿಮೆಯಾದರೆ ಅದು ಹಿಮೋಲಿಟಿಕ್ ಯುರೇಮಿಕ್ ಸಿಂಡ್ರೋಮ್ ಆಗಿರಬಹುದು. ಕೆಂಪು ರಕ್ತಕಣಗಳು ಚೂರಾಗುವುದು, ಪ್ಲೇಟ್‌ಲೆಟ್ ಕುಸಿಯುವುದು, ಮೂತ್ರಪಿಂಡ ಕೆಡುವುದು, ಈ ಮೂರೂ ಒಟ್ಟಿಗೆ ಬರುವ ಕಾಯಿಲೆ ಇದು.

ಸ್ವಿಟ್ಜರ್ಲೆಂಡಿನ ವೈದ್ಯ ಗ್ಯಾಸರ್ 1955ರಲ್ಲಿ ಐದು ಮಕ್ಕಳಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. 1970ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ ರಕ್ತಭೇದಿ ಹಬ್ಬಿದಾಗ ವೆಲ್ಲೂರಿನ ವೈದ್ಯರು ಅದರ ಬೆನ್ನಿಗೇ ಬಂದ ಈ ಕಾಯಿಲೆಯನ್ನು ದಾಖಲಿಸಿದರು. 1983ರಲ್ಲಿ ಕೆನಡಾದ ಕರ್ಮಾಲಿ ಮತ್ತು ಸಂಗಡಿಗರು, ಶಿಗೆಲ್ಲಾದ ಶಿಗಾ ವಿಷದಂಥದೇ ವಿಷವನ್ನು ಉತ್ಪಾದಿಸುವ ಇ. ಕೋಲಿ ಬ್ಯಾಕ್ಟೀರಿಯಾದ ನಂಟನ್ನು ತೋರಿಸಿದರು. ಈ ವಿಷ ಕರುಳಿನಿಂದ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳ ಒಳಪದರಕ್ಕೆ ಅಂಟಿಕೊಂಡು, ಆ ಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಗಾಯಗೊಂಡ ಒಳಪದರದ ಮೇಲೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಖರ್ಚಾಗುತ್ತವೆ. ಆ ಇಕ್ಕಟ್ಟಿನಲ್ಲಿ ನುಗ್ಗುವ ಕೆಂಪು ಕಣಗಳು ಹರಿದು ಚೂರಾಗುತ್ತವೆ.

ಇಂಥ ಪ್ರಕರಣ ಹೇಗೆ ಸಾಗುತ್ತದೆ ಎಂಬುದಕ್ಕೆ ಮಳವಳ್ಳಿ ಕಡೆಯ ಮೂರು ವರ್ಷದ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ದಿನ ರಕ್ತಮಿಶ್ರಿತ ಭೇದಿಯಾಗಿ ಐದನೆಯ ದಿನ ನಿಂತಿತು, ಮನೆಯವರು ನಿರಾಳರಾದರು. ಏಳನೆಯ ದಿನ ಮಗು ಮಂಕಾಗಿ, ರೆಪ್ಪೆಗಳು ಊದಿಕೊಂಡವು. ಹಿಂದಿನ ರಾತ್ರಿಯಿಂದ ಚಡ್ಡಿ ಒದ್ದೆಯಾಗಿಲ್ಲ ಎಂಬುದು ತಾಯಿಯನ್ನು ಕೇಳಿದಾಗಲಷ್ಟೇ ತಿಳಿಯಿತು. ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 42,000, ಹಿಮೋಗ್ಲೋಬಿನ್ 6.8, ಕ್ರಿಯಾಟಿನಿನ್ 3.1. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ ತ್ಯಾಜ್ಯ; ಈ ವಯಸ್ಸಿಗೆ ಅದು 0.5ರ ಆಸುಪಾಸಿನಲ್ಲಿ ಇರಬೇಕಿತ್ತು.

ಡೆಂಗಿಯೊಂದಿಗಿನ ವ್ಯತ್ಯಾಸ ಇಲ್ಲಿಯೇ ಇದೆ. ಡೆಂಗಿಯ ಕಠಿಣ ಹಂತದಲ್ಲಿ ಪ್ಲಾಸ್ಮಾ ಸೋರಿ ರಕ್ತ ಗಟ್ಟಿಯಾಗುವುದರಿಂದ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಏರುತ್ತದೆ. ಇಲ್ಲಿ ಅದು ಕುಸಿದಿದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡಗಿನ ಕಣಗಳ ನಡುವೆ ಮುರಿದ ಬಳೆಚೂರುಗಳಂತೆ ಮೊನಚಾದ, ತ್ರಿಕೋನಾಕಾರದ, ಅರ್ಧ ಕತ್ತರಿಸಿದಂಥ ಕಣಗಳು ಕಾಣುತ್ತವೆ. ದೇಹವೇ ತನ್ನ ಕೆಂಪು ಕಣಗಳ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬರುತ್ತದೆ, ರಕ್ತ ಹೆಪ್ಪುಗಟ್ಟುವ ಸಮಯ ಬಹುತೇಕ ಸರಿಯಾಗಿಯೇ ಇರುತ್ತದೆ. ಹೀಗೆ ರಕ್ತವನ್ನು ಗಾಜಿನ ಮೇಲೆ ಎಳೆದು ನೋಡುವ ಸ್ಮಿಯರ್ ದುಬಾರಿ ಪರೀಕ್ಷೆಯಲ್ಲ. ಆದರೂ ಯಂತ್ರ ಕೊಟ್ಟ ಎಣಿಕೆ ಕೈಗೆ ಬಂದ ಮೇಲೆ ಅದನ್ನು ಕೇಳುವ ರೂಢಿ ಎಲ್ಲ ಕಡೆ ಉಳಿದಿಲ್ಲ ಎನ್ನುವುದು ಬೇಸರದ ಸಂಗತಿ.

ಮುಂದಿನ ಅಪಾಯ ಡ್ರಿಪ್ಸ್‌ನದು. ಭೇದಿಯ ಮೊದಲ ದಿನಗಳಲ್ಲಿ ಸಾಕಷ್ಟು ದ್ರವ ಕೊಡುವುದು ಮೂತ್ರಪಿಂಡಕ್ಕೆ ರಕ್ಷಣೆ. ಮೂತ್ರ ನಿಂತ ಮೇಲೆ ಅದೇ ದ್ರವವನ್ನು ಅದೇ ವೇಗದಲ್ಲಿ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆದ್ದರಿಂದ ದಿನವೂ ತೂಕ ನೋಡಿ, ಮೂತ್ರ ಅಳೆದು, ಹೊರಹೋದಷ್ಟಕ್ಕೆ ಮಾತ್ರ ಒಳಗೆ ಕೊಡಬೇಕು. ರಕ್ತಸ್ರಾವವಾಗದಿದ್ದರೆ, ಶಸ್ತ್ರಕ್ರಿಯೆಯ ಅಗತ್ಯವಿಲ್ಲದಿದ್ದರೆ, ಪ್ಲೇಟ್‌ಲೆಟ್ ಏರಿಸುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಭೇದಿ ಕಟ್ಟುವ ಮಾತ್ರೆಯನ್ನಂತೂ ರಕ್ತಭೇದಿಯಾದ ಮಗುವಿಗೆ ಮೊದಲಿನಿಂದಲೂ ಕೊಡಬಾರದು. ಪೊಟ್ಯಾಸಿಯಂ ಏರಿದರೆ ಅಥವಾ ಮೂತ್ರ ಬಾರದೇ ಹೋದರೆ ಡಯಾಲಿಸಿಸ್ ಬೇಕಾಗುತ್ತದೆ. ಪುಟ್ಟ ಮಕ್ಕಳಿಗೆ ಹೊಟ್ಟೆಯ ಪೊರೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಹೆಚ್ಚಾಗಿ ಒಗ್ಗುತ್ತದೆ.

ಗೋಜಲು ಹೆಚ್ಚಿದ್ದು ಈ ಶತಮಾನದಲ್ಲಿ. ದೇಶದಲ್ಲಿ ಆ ಹಳೆಯ ಶಿಗೆಲ್ಲಾ ರಕ್ತಭೇದಿ ತಗ್ಗಿತು. 2005ರಲ್ಲಿ ಫ್ರಾನ್ಸಿನ ಸಂಶೋಧಕರು ಕೆಲವು ಮಕ್ಕಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ರಕ್ತನಾಳಗಳ ಮೇಲೆರಗದಂತೆ ತಡೆಯುವ ಫ್ಯಾಕ್ಟರ್ ಎಚ್ ಎಂಬ ರಕ್ತದ ಪ್ರೋಟೀನಿನ ವಿರುದ್ಧ ದೇಹವೇ ಪ್ರತಿಕಾಯ ತಯಾರಿಸುವುದನ್ನು ಕಂಡರು. ಆಮೇಲೆ ಭಾರತದಲ್ಲಿ ಪರೀಕ್ಷಿಸಿದಾಗ, ಈ ಸಿಂಡ್ರೋಮ್ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಇದೇ ಕಾರಣ ಸಿಕ್ಕಿತು. ಇವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ ವಯಸ್ಸಿನವರು, ಕೆಲವರಿಗೆ ಆರಂಭದಲ್ಲಿ ಭೇದಿಯೂ ಆಗಿರುತ್ತದೆ. ಹೀಗಾಗಿ ‘ಭೇದಿ ಇದ್ದದ್ದು, ಭೇದಿ ಇಲ್ಲದ್ದು’ ಎಂದು ಎರಡು ಪಾಲು ಮಾಡುತ್ತಿದ್ದ ಹಳೆಯ ವಿಂಗಡಣೆ ಇಲ್ಲಿ ದಾರಿ ತಪ್ಪಿಸುತ್ತದೆ. ವಿಷದಿಂದ ಬಂದ ಕಾಯಿಲೆಗೆ ಆಸರೆಯ ಚಿಕಿತ್ಸೆಯೇ ಮುಖ್ಯ. ಪ್ರತಿಕಾಯದಿಂದ ಬಂದದ್ದಕ್ಕೆ ಬೇಗನೆ ಪ್ಲಾಸ್ಮಾ ಬದಲಾಯಿಸಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡಬೇಕು. ತಡವಾದಷ್ಟೂ ಮೂತ್ರಪಿಂಡ ಉಳಿಯುವ ಸಾಧ್ಯತೆ ಕುಗ್ಗುತ್ತದೆ. ಪ್ಲಾಸ್ಮಾ ಕೊಡುವ ಮೊದಲೇ ಪ್ರತಿಕಾಯ ಪರೀಕ್ಷೆಗೆ ರಕ್ತ ತೆಗೆದಿಡಬೇಕೆನ್ನುವುದು ಅದಕ್ಕಾಗಿಯೇ. ದಾನಿಯ ಪ್ಲಾಸ್ಮಾ ಬೆರೆತ ಮೇಲೆ ತೆಗೆದ ರಕ್ತದ ವರದಿಯನ್ನು ಪೂರ್ತಿ ನಂಬುವಂತಿಲ್ಲ.